ಬಿಳಿಗೆರೆ ಮೂಡದ ಮಣಿಕಟ್ಟು

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು. ಗಾವಡಗೆರೆಯ ಚಿಕ್ಕಬೀರಮ್ಮ ತನ್ನ ನಾಲ್ಕು ವರ್ಷದ ಮಗಳು ಬಸವಮ್ಮನನ್ನು ಸೊಂಟದ ಮೇಲೆ ಹೊತ್ತು ಹುಣಸೂರಿನ ಆಸ್ಪತ್ರೆಗೆ ಬಂದಳು. ಮಗುವಿನ ಕಾಲು ಬಿಲ್ಲಿನಂತೆ ಬಾಗಿತ್ತು. ಎರಡೂ ಮಣಿಕಟ್ಟು ಗಂಟು ಕಟ್ಟಿದಂತೆ ದಪ್ಪಗಿದ್ದವು. ಸ್ವಲ್ಪ ದೂರ ನಡೆದರೆ ಸಾಕು, “ಅವ್ವಾ, ಎತ್ಕೋ” ಎಂದು ಅಳುತ್ತ ಕೂತುಬಿಡುತ್ತಿತ್ತು.

ಡಾಕ್ಟರು ಗುರುಸ್ವಾಮಿ ಮಗುವಿನ ಕೈ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿಕೊಂಡು ಬರಲು ಮೈಸೂರಿಗೆ ಚೀಟಿ ಬರೆದರು. ಮುಂದಿನ ವಾರ ಚಿಕ್ಕಬೀರಮ್ಮ ಮೈಸೂರಿನಿಂದ ಫೋಟೋ ತಂದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ನೋಡಮ್ಮ, ಇದು ಮುಂಗೈ ಮೂಳೆ. ತುದಿ ಚಪ್ಪಟೆಯಾಗಿ, ಅಂಚು ನೀಟಾಗಿರಬೇಕು. ಇಲ್ಲಿ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿದೆ. ಅಂಚೆಲ್ಲ ಕಂಬಳಿ ಕುಚ್ಚಿನ ಥರ ಎಳೆ ಬಿಟ್ಟಿದೆ. ಮೂಳೆ ಬೆಳೆಯೋದು ಈ ತುದಿಯಲ್ಲೇ. ಬೆಳೆದಷ್ಟಕ್ಕೂ ಸುಣ್ಣದಂಶ ಕೂತು ಗಟ್ಟಿಯಾಗಬೇಕು. ಅದು ಕೂರ್ತಾ ಇಲ್ಲ.”

“ಯಾಕೆ ಸ್ವಾಮಿ?”

“ವೈಟಮಿನ್ ಡಿ ಅಂತ ಒಂದಿದೆ. ತಿಂದ ಊಟದಿಂದ ಸುಣ್ಣದಂಶ ಮೈಗೆ ಹತ್ತಬೇಕಾದರೆ ಅದು ಬೇಕು. ಬಿಸಿಲು ಬಿದ್ದರೆ ಚರ್ಮದಲ್ಲೇ ಹುಟ್ಟತ್ತೆ. ಮಗೂನ ಒಳಗೇ ಕೂಡಿಹಾಕಿದ್ದೀಯಾ?”

“ಅಯ್ಯೋ, ಕೂಡಾಕೋದಾ? ನಾನು ಕುರಿ ಕಾಯೋವಾಗ ದಿನಾ ನನ್ ಜೊತೆ ಒಲದಾಗೇ ಇರ್ತದೆ ಸ್ವಾಮಿ. ಮೈ ಮ್ಯಾಲೆ ಒಂದು ಅಂಗೀನೂ ಇರಾಕಿಲ್ಲ.”

ಡಾಕ್ಟರು ನಂಬಲಿಲ್ಲ. ಬಿಸಿಲಿನಲ್ಲಿ ಬೆಳೆದ ಮಗುವಿಗೆ ಈ ರೋಗ ಬರುವುದಿಲ್ಲವೆಂದು ಅವರು ಓದಿದ್ದರು. ಆ ವೈಟಮಿನ್ ಇರುವ ಮೀನೆಣ್ಣೆಯ ಸೀಸೆ ಕೊಟ್ಟು, “ದಿನಾ ತಪ್ಪದೆ ಕುಡಿಸು. ಎರಡು ತಿಂಗಳಲ್ಲಿ ಫೋಟೋದಲ್ಲಿ ಮೂಳೆ ತುದಿಗೆ ಬೆಳ್ಳಗೆ ಒಂದು ಗೆರೆ ಮೂಡತ್ತೆ. ಮೂಡಿದರೆ ವಾಸಿಯಾಗ್ತಾ ಇದೆ ಅಂತ ಅರ್ಥ” ಎಂದರು.

ಆ ಎಣ್ಣೆ ಕುಡಿಸುವುದೆಂದರೆ ಒಂದು ಯುದ್ಧವೇ ಆಗುತ್ತಿತ್ತು. ಮಗು ಹಲ್ಲು ಕಚ್ಚುತ್ತಿತ್ತು, ಕಾರುತ್ತಿತ್ತು. ಕಾರಿದರೆ ಚಿಕ್ಕಬೀರಮ್ಮ ಮತ್ತೆ ಕುಡಿಸುತ್ತಿದ್ದಳು. ಮನೆಯೆಲ್ಲ ನಾರುತ್ತಿತ್ತು. ಗಂಡ ಸಣ್ಣಬೀರಯ್ಯ ಊಟದ ತಟ್ಟೆ ಹಿಡಿದು ಜಗಲಿಗೆ ಹೋಗಿ ಕೂರುತ್ತಿದ್ದ.

ಎರಡು ತಿಂಗಳಾದ ಮೇಲೆ ಮತ್ತೆ ಮೈಸೂರು, ಮತ್ತೆ ಫೋಟೋ. ಅದೇ ಬಟ್ಟಲು, ಅದೇ ಎಳೆ. ಗೆರೆ ಇರಲಿಲ್ಲ.

“ಎಣ್ಣೆ ಚೆಲ್ಲಿಬಿಟ್ಯೇನಮ್ಮ? ನಿಜ ಹೇಳು,” ಡಾಕ್ಟರು ಗದರಿದರು.

ಚಿಕ್ಕಬೀರಮ್ಮ ಮಗುವನ್ನು ಅವರ ಮುಂದೆ ತಂದು ನಿಲ್ಲಿಸಿದಳು. ಏನು ಹೇಳಿದರೆ ಈ ಮನುಷ್ಯ ನಂಬಿಯಾನು? ಅಷ್ಟರಲ್ಲಿ ಅವರೇ ಮಗುವಿನ ನಾಲಿಗೆ ನೋಡಲು ಬಗ್ಗಿದರು. ಬಾಯಿಯಿಂದ ಬಂದ ಮೀನೆಣ್ಣೆಯ ವಾಸನೆಗೆ ಮುಖ ಹಿಂದಕ್ಕೆಳೆದುಕೊಂಡರು. ಆಮೇಲೆ ಅವರ ದನಿ ತಗ್ಗಿತು. ಎಣ್ಣೆ ಹೆಚ್ಚಿಸಿದರು. ಆದರೆ ಮಳೆಗಾಲ ಕಳೆದು ತೆಗೆಸಿದ ಮೂರನೇ ಫೋಟೋದಲ್ಲೂ ಗೆರೆ ಮೂಡಿರಲಿಲ್ಲ.

ಡಾಕ್ಟರು ಫೋಟೋ ಕೈಯಲ್ಲಿ ಹಿಡಿದೇ ತಲೆಯೆತ್ತಿ ಚಿಕ್ಕಬೀರಮ್ಮನನ್ನು ನೋಡಿದರು. “ನೀನೊಂದು ಸಲ ಬಾಗಿಲ ತನಕ ನಡೆದು ಬಾಮ್ಮ” ಎಂದರು.

ಅವಳು ನಾಚುತ್ತಲೇ ನಡೆದಳು. ಬಾತುಕೋಳಿಯಂತೆ ಅತ್ತಿತ್ತ ವಾಲುವ ನಡಿಗೆ. ಸೀರೆಯ ಕೆಳಗೆ ಹೊರಕ್ಕೆ ಬಾಗಿದ ಕಾಲು. ಊರವರ ನಗು ಕೇಳಿ ಕೇಳಿ ಅದು ಅವಳಿಗೆ ಹಳತಾಗಿತ್ತು.

“ನಿಮ್ಮ ತವರಲ್ಲಿ ಇನ್ಯಾರಿಗಾದರೂ ಹೀಗಿದೆಯಾ?”

“ನಮ್ಮಪ್ಪನೂ ಇಂಗೇ ಸ್ವಾಮಿ, ಗಿಡ್ಡಕೆ, ಸೊಟ್ಟ ಕಾಲು. ಅದಕ್ಕೇ ಅವನ ಎಸ್ರು ಕುಳ್ಳಯ್ಯ ಅಂತಲೇ ಆಗೋಯ್ತು. ನಾವು ಅಕ್ಕತಂಗೇರೂ ಅಂಗೇ. ಅಣ್ಣ ಮಾತ್ರ ನೆಟ್ಟಗವ್ನೆ.”

ಡಾಕ್ಟರು ಫೋಟೋವನ್ನು ಕೆಳಗಿಟ್ಟರು. “ನೀನು ಸುಳ್ಳು ಹೇಳಿರಲಿಲ್ಲ ತಾಯಿ. ವೈಟಮಿನ್ ಮೈಗೆ ಸೇರ್ತಾ ಇದೆ. ಆದರೂ ಕೆಲಸ ಆಗ್ತಾ ಇಲ್ಲ. ಇದು ನಿಮ್ಮ ವಂಶದಲ್ಲೇ ಬಂದಿರೋದು. ಯಾಕೆ ಹೀಗೆ ಅಂತ ನನಗೆ ಗೊತ್ತಿಲ್ಲ. ಇನ್ನೂ ಹೆಚ್ಚು ಕೊಡೋಣ ಅಂದರೆ ಮಗುವಿನ ಮೂತ್ರಪಿಂಡ ಕೆಡತ್ತೆ.”

ನನ್ನಿಂದಲೇ. ಚಿಕ್ಕಬೀರಮ್ಮನಿಗೆ ಅಷ್ಟು ಮಾತ್ರ ಅರ್ಥವಾಯಿತು. ಕುಡಿಸಿದ ಎಣ್ಣೆ, ಕಾರಿದ ಎಣ್ಣೆ, ಮಗುವಿನ ಬಾಯಿ ಬಿಡಿಸಲು ಹಿಂಡಿದ ಕೆನ್ನೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

“ಸ್ವಾಮಿ, ಮತ್ತೆ ಬಸುರಾಗಿವ್ನಿ. ಇದ್ಕೂ ಅಂಗೇ ಆದದಾ?”

“ಆಗಬಹುದು, ಆಗದೇ ಇರಬಹುದು. ಹೇಳೋಕೆ ಆಗಲ್ಲಮ್ಮ.”

ಮರುವರ್ಷ ಗಂಡು ಮಗು ಹುಟ್ಟಿತು. ಎರಡು ವರ್ಷ ದಿನವೂ ಮೈಗೆ ಹರಳೆಣ್ಣೆ ತಿಕ್ಕುವಾಗ ಚಿಕ್ಕಬೀರಮ್ಮ ಅದರ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು. ದಪ್ಪವಾಗಲಿಲ್ಲ. ಹುಡುಗ ನೆಟ್ಟಗೆ ನಿಂತ, ನಡೆದ, ಓಡಿದ. ಅತ್ತೆ ಬೀರೇಶ್ವರನಿಗೆ ಹಣ್ಣುಕಾಯಿ ಮಾಡಿಸಿದಳು. ಚಿಕ್ಕಬೀರಮ್ಮನೂ ಕೈ ಮುಗಿದಳು. ಆದರೆ ಮನಸ್ಸು ಬಿಚ್ಚಿ ನಗಲಾಗಲಿಲ್ಲ. ಆ ದಿನವೇ ಬಸವಮ್ಮ ಕೇಳಿದಳು:

“ಅವ್ವಾ, ತಮ್ಮಂಗೆ ಯಾಕೆ ಆ ಗಬ್ಬೆಣ್ಣೆ ಕುಡುಸ್ನಿಲ್ಲ?”

ಚಿಕ್ಕಬೀರಮ್ಮ ಮಗಳನ್ನು ಎತ್ತಿಕೊಳ್ಳಲು ಬಗ್ಗಿದಳು. ಬಸವಮ್ಮ ಅವಳ ಕೈ ತಳ್ಳಿ, ವಾಲುತ್ತ ವಾಲುತ್ತ ತಮ್ಮನ ಹಿಂದೆ ಹೊಲದ ಕಡೆ ಹೊರಟಳು.