ಸಮ್ ದಿಬ್ಬದ ಮೇಲೆ ತಡವಾದ ಸೂರ್ಯ

ಜೈಸಲ್ಮೇರಿಗೆ ಹೋಗುವ ಯೋಚನೆ ಶಂಭುಲಿಂಗನದು. ಬನವಾಸಿಯಲ್ಲಿ ಬಟ್ಟೆ ಅಂಗಡಿ ಇಟ್ಟವ. ಜನವರಿಯಲ್ಲಿ ವ್ಯಾಪಾರ ಮಂದ ಎಂದು ತಾಯಿ ಪಾರ್ವತವ್ವ ಮತ್ತು ಹೆಂಡತಿ ಶೈಲಾಳನ್ನು ಹೊರಡಿಸಿದ. ಮರಳುಗಾಡೆಂದರೆ ಬಿಸಿಲು ಎಂದುಕೊಂಡವನು ತೆಳು ಬಟ್ಟೆಯನ್ನೇ ತುಂಬಿದ. ಶೈಲಾ ಸುಮ್ಮನೆ ಸ್ವೆಟರುಗಳನ್ನೂ ಸೇರಿಸಿದಳು.

ಊರಾಚೆಯ ಸಮ್ ಎಂಬಲ್ಲಿನ ಮರಳು ದಿಬ್ಬಗಳಲ್ಲಿ ಸಂಜೆ ಒಂಟೆ ಸವಾರಿ. ಕುಳಿತಿದ್ದ ಒಂಟೆ ಹಿಂಗಾಲನ್ನು ಮೊದಲು ಎತ್ತಿದಾಗ ಬೆನ್ನ ಮೇಲಿದ್ದ ಪಾರ್ವತವ್ವ ಮುಂದಕ್ಕೆ ವಾಲಿದಳು.

“ಹಿಂದಕ್ಕ ವಾಲ್ರಿ ಅತ್ತಿ, ಹಿಡಿ ಬಿಡಬ್ಯಾಡ್ರಿ!” ಎಂದು ಶೈಲಾ ಕೂಗಿದಳು.

ದಿಬ್ಬದ ತುಂಬ ಜೀಪು, ಒಂಟೆ, ಫೋಟೋ ತೆಗೆಯುವ ಜನ. ಸೂರ್ಯ ಮುಳುಗಿದ್ದೇ ತಡ, ಮರಳು ತಣ್ಣಗಾಯಿತು. ಅವರು ರಾತ್ರಿ ತಂಗಿದ ಕ್ಯಾಂಪಿನಲ್ಲಿ ಹಾಡು ಕುಣಿತ ಮುಗಿದರೂ ಪಕ್ಕದ ಕ್ಯಾಂಪಿನ ಸ್ಪೀಕರು ಬಹಳ ಹೊತ್ತು ಬಡಿಯುತ್ತಿತ್ತು. ಟೆಂಟಿನೊಳಗೆ ಮೇಲೆ ದಪ್ಪ ರಜಾಯಿ ಇದ್ದರೂ ಚಳಿ ಹಾಸಿಗೆಯ ಕೆಳಗಿನಿಂದ ಏರುತ್ತಿತ್ತು.

ಇಲ್ಲಿ ಸೂರ್ಯ ಏಳೂವರೆಯ ಹೊತ್ತಿಗೆ ಹುಟ್ಟುತ್ತಾನೆ ಎಂದು ಕ್ಯಾಂಪಿನ ಮ್ಯಾನೇಜರ್ ಹೇಳಿದ್ದ. ಶಂಭುಲಿಂಗ ನಂಬಲಿಲ್ಲ.

“ನಮ್ಮೂರಾಗ ಏಳಕ್ಕ ಬೆಳಕಾಗಿರತೈತಿ. ಏಳ್ರಿ ಏಳ್ರಿ,” ಎಂದು ಕತ್ತಲಲ್ಲೇ ಇಬ್ಬರನ್ನೂ ದಿಬ್ಬ ಹತ್ತಿಸಿದ.

ಗಾಳಿ ಕಿವಿ ಕೊರೆಯುತ್ತಿತ್ತು. ಎಷ್ಟು ಕಾದರೂ ಪೂರ್ವದಲ್ಲಿ ಬೂದಿ ಬಣ್ಣ ಬಿಟ್ಟರೆ ಏನಿಲ್ಲ.

“ಮೋಡ ಅದಾವ. ಇವತ್ತ ಕಾಣಂಗಿಲ್ಲ, ನಡೀರಿ,” ಎಂದು ಎದ್ದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಎಂದಿನಂತೆ ಶೈಲಾ ಏಳಲು ಹೊರಟಳು.

“ನೀ ಹೋಗ ಶಂಭೂ,” ಎಂದಳು ಪಾರ್ವತವ್ವ. “ನಾವು ಕುಂದರತೇವಿ.”

ಅವನು ಮತ್ತೆ ಮಲಗಲು ಟೆಂಟಿಗೆ ಇಳಿದುಹೋದ. ಅತ್ತೆ ತನ್ನ ಶಾಲನ್ನು ಬಿಚ್ಚಿ ಅರ್ಧ ಸೊಸೆಯ ಹೆಗಲಿಗೆ ಹಾಕಿದಳು. ಇಷ್ಟು ವರ್ಷದಲ್ಲಿ ಇಬ್ಬರೂ ಇಷ್ಟು ಹತ್ತಿರ ಕೂತದ್ದು ಶೈಲಾಗೆ ನೆನಪಿರಲಿಲ್ಲ.

“ನಿಮ್ಮ ಮಾವಾನೂ ಹಿಂಗ. ಗೋಕರ್ಣಕ್ಕ ಕರಕೊಂಡು ಹೋಗಿದ್ರು. ಸಮುದ್ರದಾಗ ಕಾಲಿಡಾಕೂ ಬಿಡಲಿಲ್ಲ, ಬಸ್ ಹೊಂಡತೈತಿ ಅಂದ್ರು.”

“ಆಮ್ಯಾಲೆ ಹೋಗಲಿಲ್ಲೇನ್ರಿ?”

“ಯಾರು ಕರಕೊಂಡು ಹೋಗಬೇಕು?”

ಶೈಲಾ ಶಾಲನ್ನು ಇಬ್ಬರಿಗೂ ಬಿಗಿಯಾಗಿ ಸುತ್ತಿದಳು. ಅಷ್ಟರಲ್ಲಿ ಬೂದಿಯ ಅಂಚು ಕೆಂಪಾಯಿತು. ಸೂರ್ಯ ಮೇಲೆದ್ದಂತೆ ಮರಳಿನ ಪ್ರತಿ ಗೆರೆಗೂ ಒಂದು ನೆರಳು ಮೂಡಿತು. ನಿನ್ನೆಯ ಗದ್ದಲದ ಗುರುತಾಗಿ ಬರೀ ಹೆಜ್ಜೆಗಳು ಉಳಿದಿದ್ದವು. ಇಬ್ಬರೂ ಬಿಸಿಲು ಮುಖಕ್ಕೆ ಬೆಚ್ಚಗೆ ತಾಗುವವರೆಗೂ ಕೂತರು.

ಕೆಳಗೆ ಶಂಭುಲಿಂಗ ಚಹಾ ಹಿಡಿದು ನಿಂತಿದ್ದ. “ಬಂತಾ?”

“ಬಂತ್ರಿ,” ಎಂದಳು ಶೈಲಾ.

“ನನ್ನ ಎಬ್ಬಿಸಬಾರದಿತ್ತೇನ?” ಎಂದ. ಇಬ್ಬರಿಗೂ ಚಹಾ ಕೊಡುತ್ತ, “ಇರ್ಲಿ, ಮಧ್ಯಾಹ್ನ ಜೋಧಪುರಕ್ಕ ಹೊಂಡೂಣು,” ಎಂದ.

“ಜೋಧಪುರ ಬಿಡ್ರಿ,” ಎಂದಳು ಶೈಲಾ. ತನ್ನ ದನಿಗೆ ತಾನೇ ಬೆರಗಾದಳು. “ಇನ್ನೊಂದ ರಾತ್ರಿ ಇಲ್ಲೇ ಇರೂಣು. ನಾಳೆ ನೀವೂ ಬರ್ರಿ, ಆದ್ರ ನಾ ಎಬ್ಬಿಸಿದಾಗ ಏಳ್ರಿ.”

ಅವನು ತಾಯಿಯ ಮುಖ ನೋಡಿದ. ಪಾರ್ವತವ್ವ ಚಹಾ ಊದುತ್ತಿದ್ದಳು. ಶಂಭುಲಿಂಗ ಲೋಟ ಕೆಳಗಿಟ್ಟು, ಹೆಚ್ಚಿನ ರಜಾಯಿ ಸಿಗುತ್ತದೆಯೇ ಎಂದು ಕೇಳಲು ಮ್ಯಾನೇಜರನ ಕಡೆ ನಡೆದ.