ಭಾಷಣದ ಉಳಿದರ್ಧ

ಮಗಳ ಭಾಷಣ ಎರಡು ಪುಟ ಇತ್ತು. ಮೊದಲ ಪುಟದಲ್ಲಿ ಶಾಲೆಯ ಹೊಸ ಔಷಧಿ ತೋಟದ ಗಿಡಗಳು, ಯಾವುದು ಯಾವ ಕಾಯಿಲೆಗೆ ಎಂದು. ಎರಡನೆಯದರಲ್ಲಿ ಬಾಯಿಗೆ ಹಾಕಬಾರದ ಗಿಡಗಳು: ಉಮ್ಮತ್ತಿ, ಹರಳು ಬೀಜ, ಗುಲಗಂಜಿ, ಕಣಗಿಲೆ. ಎರಡನೇ ಪುಟವನ್ನು ಅವಳು ನನ್ನ ಮುಂದೆ ಎಷ್ಟು ಸಲ ಒಪ್ಪಿಸಿದ್ದಳೆಂದರೆ, ಪಾತ್ರೆ ತೊಳೆಯುವಾಗ ನನ್ನ ಬಾಯಲ್ಲೂ ಅದೇ ಬರುತ್ತಿತ್ತು.

ತೋಟದ ಉದ್ಘಾಟನೆಯ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಹೆಡ್‌ಮಾಸ್ತರು ಅವಳ ಕೈಯಿಂದ ಎರಡನೇ ಪುಟ ತೆಗೆದುಕೊಂಡರಂತೆ.

“ಅತಿಥಿಗಳು ಬಂದಿದ್ದಾರೆ ಕಣಮ್ಮ. ವಿಷ ಗಿಷ ಅಂತ ಶುರು ಮಾಡಿದ್ರೆ ಮುಖ ಹುಳ್ಳಗೆ ಮಾಡ್ಕೋತಾರೆ. ಇನ್ನೊಂದಿನ ಹೇಳುವಿಯಂತೆ.”

ಅವಳು ಅರ್ಧವನ್ನೇ ಹೇಳಿದಳು. ಕೆಮ್ಮಿಗೆ ಆಡುಸೋಗೆ, ಉದ್ದನೆಯ ಎಲೆ. ಶೀತಕ್ಕೆ ದೊಡ್ಡಪತ್ರೆ. ಚಪ್ಪಾಳೆ ಜೋರಾಗಿ ಬಿತ್ತು. ಅತಿಥಿಗಳು ಗೇಟಿನ ಪಕ್ಕದ ಹೊಸ ಬೋರ್ಡಿನ ಪರದೆ ಎಳೆದರು: ‘ಔಷಧಿ ವನ’. ತೋಟದ ಸುತ್ತ ಬೇಲಿಯಾಗಿ ಮೊದಲಿನಿಂದಲೂ ಕಣಗಿಲೆ ಇತ್ತು, ಗುಲಾಬಿ ಬಣ್ಣದ ಹೂವಿನದು. ಫೋಟೋದಲ್ಲಿ ಚೆನ್ನಾಗಿ ಬರುತ್ತದೆಂದು ಬೋರ್ಡನ್ನು ಅದರ ನಡುವೆಯೇ ನಿಲ್ಲಿಸಿದ್ದರು. ಚಿಕ್ಕ ಮಕ್ಕಳಿಗೆ ಬೋರ್ಡಿನ ಅಕ್ಕಪಕ್ಕ ಇದ್ದದ್ದೆಲ್ಲ ಔಷಧಿಯೇ.

ನಮ್ಮ ಹಿತ್ತಿಲ ಗೋಡೆಯಾಚೆಯ ಮನೆಯ ಡ್ರೈವರನ ಮಗಳು ಅದೇ ಶಾಲೆಯಲ್ಲಿ ಒಂದನೇ ಕ್ಲಾಸು. ಎಲ್ಲರೂ ಅವಳನ್ನು ಗುಬ್ಬಿ ಅನ್ನುತ್ತೇವೆ. ಅವಳಿಗೆ ಆ ವಾರವೆಲ್ಲ ಕೆಮ್ಮು. ಅವತ್ತೇ ಊಟದ ಬಿಡುವಿನಲ್ಲಿ ಬೇಲಿಯಿಂದ ಉದ್ದನೆಯ ಎಲೆ ಕಿತ್ತು ಅಗಿದಳು. ಕಹಿಯಾಯಿತು, ಆದರೂ ಔಷಧಿ ಅಂದರೆ ಕಹಿಯೇ ಎಂದು ನುಂಗಿದಳು.

ಮಧ್ಯಾಹ್ನ ವಾಂತಿ ಶುರುವಾಯಿತು. ಆಯಾ ಉಪ್ಪುನೀರು ಕುಡಿಸಿ ಇನ್ನಷ್ಟು ಕಕ್ಕಿಸಲು ಹೊರಟಾಗ ನನ್ನ ಮಗಳು ಲೋಟ ಹಿಡಿದುಕೊಂಡು, “ಬೇಡ ಆಯಮ್ಮ, ಹಾಗೆ ಕಕ್ಕಿಸಬಾರದು, ಮೊದ್ಲು ಆಸ್ಪತ್ರೆಗೆ” ಅಂದಳು. ಗುಬ್ಬಿಯ ಮುಷ್ಟಿಯಲ್ಲಿ ಅರ್ಧ ಎಲೆ ಉಳಿದಿತ್ತು. ಆಡುಸೋಗೆಯಂತೆ ಮೆತ್ತಗಿರಲಿಲ್ಲ, ದಪ್ಪ, ಚರ್ಮದ ಹಾಗೆ. ಮಗಳು ಬೇಲಿಗೆ ಓಡಿ ಒಂದು ರೆಂಬೆ ಮುರಿದು ತಂದು, ಒಂದೊಂದು ಗಂಟಿನಲ್ಲೂ ಮೂರು ಮೂರು ಎಲೆ ಇರುವುದನ್ನು ತೋರಿಸಿ, “ಕಣಗಿಲೆ” ಎಂದು ಹೇಳಿ, ಕಾಗದದಲ್ಲಿ ಸುತ್ತಿ ಟೀಚರ ಕೈಗೆ ಕೊಟ್ಟಳು. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ನೋಡಿದ ಕೂಡಲೇ ಗುಬ್ಬಿಯ ಎದೆಗೆ ವೈರು ಅಂಟಿಸಿದರು. ಬಡಿತ ತೀರಾ ನಿಧಾನವಾಗಿತ್ತು.

ಗುಬ್ಬಿ ಉಳಿದಳು. ಅವಳು ಮನೆಗೆ ಬಂದ ದಿನ ನಾನು ಗಂಜಿ ಮಾಡಿಕೊಂಡು ಹೋದೆ. ಅವಳ ಅಮ್ಮ ಬಾಗಿಲಲ್ಲೇ ನಿಂತಳು.

“ನಿಮ್ ಮಗಳು ಮೈಕಲ್ಲಿ ಎಲೆ ತಿನ್ನಿ ಅಂದ್ಲಂತೆ ಅಕ್ಕ. ಹೆಡ್‌ಮಾಸ್ತರೇ ಹೇಳಿದ್ರು.”

ಗಂಜಿ ಹಾಗೇ ವಾಪಸು ಬಂತು.

ಮರುದಿನ ಮಗಳನ್ನು ಕರೆದುಕೊಂಡು ಶಾಲೆಗೆ ಹೋದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಆ ಎರಡನೇ ಪುಟವನ್ನು ಪ್ರಾರ್ಥನೆಯಲ್ಲಿ ಓದಲು ಬಿಡಲಿ.

“ನೋಡೀಮ್ಮ,” ಅಂದರು ಹೆಡ್‌ಮಾಸ್ತರು, “ಈಗ್ಲೇ ತಂದೆತಾಯಿಗಳೆಲ್ಲ ನನ್ನ ತಲೆ ತಿಂತಿದ್ದಾರೆ. ಇನ್ನು ಗಿಡದ ಸುದ್ದಿನೇ ಬೇಡ. ತೋಟ ಕೀಳಿಸ್ತಿದ್ದೀನಿ.”

“ಅವಳು ಬರೆದದ್ದನ್ನ ನೀವೇ ತಗೊಂಡ್ರಲ್ಲ ಸಾರ್. ಅಷ್ಟನ್ನಾದ್ರೂ ಹೇಳಿ.”

“ಹಳೇದನ್ನ ಕೆದಕಿ ಏನು ಬಂತು? ಮಗು ಒಂದ್ ಮಾತು ತಪ್ಪಾಯ್ತು ಅಂದ್ಬಿಟ್ರೆ ಎಲ್ರಿಗೂ ಸಮಾಧಾನ.”

ಕಿಟಕಿಯಾಚೆ ಮಾಲಿ ತುಳಸಿ, ದೊಡ್ಡಪತ್ರೆ, ಆಡುಸೋಗೆಯನ್ನೆಲ್ಲ ಬೇರುಸಹಿತ ಕಿತ್ತು ಗುಡ್ಡೆ ಹಾಕುತ್ತಿದ್ದ. ಬೇಲಿಗೆ ಕೈ ಹಚ್ಚಿರಲಿಲ್ಲ.

“ಬೇಲಿ ಸಾರ್?” ಅಂದಳು ಮಗಳು.

“ಅದು ಶೋಭೆಗಮ್ಮ. ಗಟ್ಟಿ ಬೇಲಿ. ದನ ಕೂಡ ಬಾಯಿ ಹಾಕಲ್ಲ.”

“ಯಾಕೆ ಹಾಕಲ್ಲ ಸಾರ್?”

ಅವರು ಗಡಿಯಾರ ನೋಡಿ, “ಪಾಠಕ್ಕೆ ಹೊತ್ತಾಯ್ತು” ಅಂದರು.

ಮಾರನೇ ದಿನ ಅವಳು ಮೈಕಿನ ಮುಂದೆ ನಿಂತು ತಪ್ಪಾಯ್ತು ಅಂದಳು. ನಾನು ಬೇಡ ಅಂದಿದ್ದೆ. “ಇಲ್ದಿದ್ರೆ ದಿನಾ ಆಫೀಸಿಗೆ ಕರೀತಾರೆ ಅಮ್ಮ” ಅಂದುಬಿಟ್ಟಳು. ಆಮೇಲೆ ಹುಡುಗಿಯರು ಅವಳಿಗೆ ‘ವಿಷದ ಟೀಚರ್’ ಎಂದು ಹೆಸರಿಟ್ಟರು. ಮಾಲಿಯನ್ನು ನಾನೇ ಕಂಡು ಬೇಲಿಯ ವಿಷಯ ಹೇಳಿದೆ. ಸಂಬಳ ಕೊಡೋರು ಹೇಳಲಿ ಎಂಬ ಹಾಗೆ ತಲೆಯಾಡಿಸಿದ.

ಭಾನುವಾರ ನಾನು ಬಟ್ಟೆ ಒಣಹಾಕುತ್ತಿದ್ದೆ, ಮಗಳು ಕ್ಲಿಪ್ಪು ಎತ್ತಿಕೊಡುತ್ತಿದ್ದಳು. ಹಿತ್ತಿಲ ಗೋಡೆಯ ಮೇಲೆ ಗುಬ್ಬಿಯ ತಲೆ ಕಂಡಿತು. ಅವಳ ಕೈಯಲ್ಲಿ ನಮ್ಮದೇ ಕುಂಡದಿಂದ ಆಚೆ ಜೋತುಬಿದ್ದ ದೊಡ್ಡಪತ್ರೆಯ ಎಲೆ.

“ಅಕ್ಕ, ಇದು ತಿನ್ಬಹುದಾ?”

ಮಗಳು ಎಲೆಯನ್ನು ನೋಡಿದಳು. ಆ ಕುಂಡಕ್ಕೆ ದಿನವೂ ನೀರು ಹಾಕುವವಳು ಅವಳೇ.

“ನಂಗೊತ್ತಿಲ್ಲ ಕಣೆ,” ಅಂದಳು. “ನಿಮ್ಮಮ್ಮನ್ನ ಕೇಳು.”

ಕ್ಲಿಪ್ಪಿನ ಡಬ್ಬಿಯನ್ನು ನನ್ನ ಕೈಗಿಟ್ಟು ಒಳಗೆ ಹೋದಳು.