ನಾಲ್ಕು ಸುತ್ತು, ನಾಲ್ಕು ವೇಗ

ಔಷಧಿ ಅಂಗಡಿಯ ಗಿರಾಕಿಗಳು ಅವಳಿಗೆ ಇಟ್ಟ ಹೆಸರು ‘ಮೂರು ಸಲದ ಅಕ್ಕ’. ಚೀಟಿ ಕೊಟ್ಟರೆ ಮಾತ್ರೆಯ ಹೆಸರು ಓದುತ್ತಾಳೆ, ಪ್ರಮಾಣ ಓದುತ್ತಾಳೆ, ಅವಧಿ ಮುಗಿಯುವ ತಾರೀಕು ಓದುತ್ತಾಳೆ. ಮತ್ತೆ ಚೀಟಿ ನೋಡುತ್ತಾಳೆ. ಕವರಿಗೆ ಹಾಕುವಾಗ ಇನ್ನೊಮ್ಮೆ. ಹಿಂದೆ ನಿಂತವರು ಗೊಣಗಿದರೂ ಅವಳ ಕೈ ಆತುರಪಡುವುದಿಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ತಪ್ಪು ಮಾತ್ರೆಯೂ ಆ ಕೌಂಟರು ದಾಟಿರಲಿಲ್ಲ. ಅದು ಸಣ್ಣ ಮಾತೇನಲ್ಲ.

ಅದೇ ಗುಣ ಹೋದ ವರ್ಷ ಅವಳನ್ನು ಮುಳುಗಿಸಿತು. ದೊಡ್ಡಾಸ್ಪತ್ರೆಯ ಔಷಧಿ ಉಗ್ರಾಣಕ್ಕೆ ಮೇಲ್ವಿಚಾರಕಿ ಬೇಕಾಗಿತ್ತು. ಆನ್‌ಲೈನ್ ಪರೀಕ್ಷೆ, ನಾಲ್ಕು ಸುತ್ತು, ಪ್ರತಿ ಸುತ್ತಿಗೂ ಬೇರೆ ಬಗೆಯ ಪ್ರಶ್ನೆ, ಬೇರೆ ಗಡಿಯಾರ, ಬೇರೆ ಕನಿಷ್ಠ ಅಂಕ. ಒಂದರಲ್ಲಿ ಬಿದ್ದರೆ ಉಳಿದ ಮೂರರಲ್ಲಿ ಹಾರಾಡಿದರೂ ಪ್ರಯೋಜನವಿಲ್ಲ. ಮೊದಲ ಸುತ್ತಿನ ಮೂವತ್ತು ಲೆಕ್ಕಗಳಲ್ಲಿ ಅವಳು ಮಾಡಿದ್ದು ಹದಿಮೂರು. ಹದಿಮೂರೂ ಸರಿ. ಬೇಕಿದ್ದದ್ದು ಹದಿನೆಂಟು. ಆ ಗಾಬರಿಯಲ್ಲಿ ಎರಡನೇ ಸುತ್ತಿಗೆ ಓಡಿ ಅದನ್ನೂ ಕೆಡಿಸಿಕೊಂಡಳು. ಅದೇ ಕೆಲಸಕ್ಕೆ ಮತ್ತೆ ಕರೆದಿದ್ದಾರೆ, ಈ ವರ್ಷವೇ ಕೊನೆ. ವಯಸ್ಸಿನ ಮಿತಿ ಮುಂದಿನ ತಿಂಗಳು ಮುಗಿಯುತ್ತದೆ. ಕೆಲಸ ಸಿಕ್ಕರೆ ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವುದು ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಕೆಲಸ ತನಗೆ ಒಪ್ಪುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈ ಸಲ ತಯಾರಿಯ ಹೊಣೆ ಹೊತ್ತವಳು ನಾದಿನಿ. ಇಂಥ ಮೂರು ಪರೀಕ್ಷೆ ದಾಟಿ ಬ್ಯಾಂಕಿನ ಕೌಂಟರು ಹಿಡಿದವಳು, ಬಾಯಿ ಸ್ವಲ್ಪ ಜೋರು. ಅಂಗಡಿ ಬಾಗಿಲು ತೆರೆಯುವ ಮೊದಲು ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಪಕ್ಕದಲ್ಲೇ ಕೂರುತ್ತಿದ್ದಳು.

“ಅತ್ತಿಗೆ, ಮೂವತ್ತು ಲೆಕ್ಕ, ಹದಿನೈದು ನಿಮಿಷ. ಒಂದಕ್ಕೆಷ್ಟು?”

“ಅರ್ಧ ನಿಮಿಷ.”

“ನೀವೀಗ ಒಂದರ ಮೇಲೇ ಎರಡು ನಿಮಿಷ ಕೂತಿದ್ದೀರಿ. ಉತ್ತರ ಸರಿ ಇದೆ, ಮತ್ತೆ ಯಾಕೆ ತಿರುಗಿ ಮಾಡ್ತಿದ್ದೀರಿ?”

“ತಪ್ಪಿದ್ರೆ?”

“ತಪ್ಪಿದ್ರೆ ಯಾರೂ ಸಾಯಲ್ಲ. ಈ ಸುತ್ತಲ್ಲಿ ತಪ್ಪಿಗೆ ಅಂಕ ಕಳೆಯಲ್ಲ. ಹೊಳೀಲಿಲ್ಲ ಅಂದ್ರೆ ಯಾವುದೋ ಒಂದು ಒತ್ತಿ ಮುಂದೆ ಹೋಗಿ. ಹಿಂದೆ ಬರೋಕೆ ಬಿಡಲ್ಲ, ಬಿಟ್ಟಿದ್ದು ಬಿಟ್ಟ ಹಾಗೇ.”

ಯಾವುದೋ ಒಂದು ಒತ್ತುವುದು! ಅಕ್ಕನಿಗೆ ಅದು ಕಣ್ಣು ಮುಚ್ಚಿ ಕಪಾಟಿನಿಂದ ಒಂದು ಡಬ್ಬಿ ಎಳೆದು ಕೊಟ್ಟಂತೆ ಅನ್ನಿಸಿತು. ಮೊದಲ ವಾರ ಬೆರಳು ಏಳಲೇ ಇಲ್ಲ. ಎರಡನೇ ವಾರ ಮುಖ ಸಿಂಡರಿಸಿಕೊಂಡು ಒತ್ತಿದಳು. ಮೂರನೇ ವಾರ, ಹತ್ತು ಲೆಕ್ಕಕ್ಕೊಮ್ಮೆ ಮಾತ್ರ ಗಡಿಯಾರ ನೋಡಿ, ಐದು ನಿಮಿಷದ ಒಳಗಿದ್ದರೆ ಸೈ ಎಂದು ಹೋಗುವುದು ಕೈಗೆ ಬಂತು.

ನಾದಿನಿ ಹಟ ಹಿಡಿದು ಕಲಿಸಿದ್ದು ಇನ್ನೊಂದು. ಪ್ರತಿ ಸುತ್ತಿನ ಮುಂಚೆ ಸೂಚನೆಯ ಪುಟ ಬರುತ್ತದೆ, ಅದಕ್ಕೆ ಎರಡು ನಿಮಿಷ ಬೇರೆ ಕೊಡುತ್ತಾರೆ. ಬಹಳ ಜನ ಅದನ್ನು ನೋಡದೆ ‘ಆರಂಭಿಸಿ’ ಒತ್ತುತ್ತಾರೆ.

“ಆ ಎರಡು ನಿಮಿಷ ಬಿಟ್ಟಿ ಸಿಗೋದು, ಯಾಕೆ ಬಿಡ್ತೀರಿ? ಎಷ್ಟು ಪ್ರಶ್ನೆ, ಎಷ್ಟು ಹೊತ್ತು, ತಪ್ಪಿಗೆ ಅಂಕ ಹೋಗುತ್ತಾ, ಹಿಂದೆ ಬರಬಹುದಾ. ನಾಲ್ಕೂ ನೋಡಿ. ಆಮೇಲೆ ಹಿಂದಿನ ಸುತ್ತನ್ನ ಮರೆತುಬಿಡಿ. ಅಲ್ಲಿ ಉಳಿಸಿದ ಹೊತ್ತು ಇಲ್ಲಿಗೆ ಬರಲ್ಲ, ಅಲ್ಲಿ ಮಾಡಿದ ತಪ್ಪೂ ಬರಲ್ಲ.”

ಪರೀಕ್ಷೆಯ ದಿನ ಕೇಂದ್ರದಲ್ಲಿ ನಲವತ್ತು ಕಂಪ್ಯೂಟರು, ನಲವತ್ತು ಜನ. ಅಕ್ಕನ ಪಕ್ಕದ ತರುಣ ಕಾಲು ಅಲ್ಲಾಡಿಸುತ್ತಲೇ ಇದ್ದ. ಅವಳಿಗೆ ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಹೋದ ವರ್ಷದ ಹೆದರಿಕೆ ಇರಲಿಲ್ಲ.

ಮೊದಲ ಸುತ್ತು ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿದು ಮುಗಿಯಿತು. ಇಪ್ಪತ್ತಮೂರು ಮಾಡಿದಳು, ಏಳಕ್ಕೆ ಸುಮ್ಮನೆ ಒತ್ತಿದಳು. ಮುಂದಿನ ಸೂಚನೆಯ ಪುಟ ಬಂದಾಗ ಆ ಏಳನ್ನೂ ಅಲ್ಲೇ ಬಿಟ್ಟಳು.

ಎರಡನೆಯದು ಓದುವ ಸುತ್ತು. ಮೂರು ಬರಹ, ಒಂದೊಂದಕ್ಕೆ ನಾಲ್ಕು ಹೇಳಿಕೆ. ಸರಿ, ತಪ್ಪು, ಅಥವಾ ಹೇಳಲಾಗದು. ಒಟ್ಟು ಹನ್ನೆರಡು ನಿಮಿಷ, ಬರಹಕ್ಕೆ ನಾಲ್ಕು. ಇಲ್ಲಿ ಓಡುವಂತಿಲ್ಲ. ಎರಡನೇ ಬರಹವೇ ಔಷಧಿ ಶೇಖರಣೆಯದು! ‘ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ’ ಎಂಬ ಹೇಳಿಕೆಗೆ ಅವಳ ಬೆರಳು ‘ಸರಿ’ ಕಡೆ ನುಗ್ಗಿತು. ಅದು ಸರಿಯೇ. ಆದರೆ ಬರಹದಲ್ಲಿ ಆ ಮಾತೇ ಇರಲಿಲ್ಲ. ಇಲ್ಲಿ ಕೇಳುತ್ತಿರುವುದು ನನಗೆ ಗೊತ್ತಿರುವುದನ್ನಲ್ಲ, ಇದರಲ್ಲಿ ಬರೆದಿರುವುದನ್ನು ಎಂದುಕೊಂಡು ‘ಹೇಳಲಾಗದು’ ಒತ್ತಿದಳು.

ಮೂರನೆಯದು ಅವಳ ಮನೆಯಂಗಳ. ಎದುರುಬದುರು ಎರಡು ಸಂಕೇತ ಸಂಖ್ಯೆ, ಒಂದೇ ಆಗಿದ್ದರೆ ಎಡಕ್ಕೆ, ಬೇರೆಯಾಗಿದ್ದರೆ ಬಲಕ್ಕೆ. ಅರವತ್ತು ಜೋಡಿ, ಆರು ನಿಮಿಷ. ಈ ಸುತ್ತಿನಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ಊಹಿಸುವ ಹಾಗಿಲ್ಲ. ಹನ್ನೊಂದು ವರ್ಷ ಡಬ್ಬಿಗಳ ಮೇಲಿನ ಬ್ಯಾಚ್ ನಂಬರು ಓದಿದ ಕಣ್ಣು. ಎಡ, ಬಲ, ಎಡ, ಎಡ. ಐವತ್ತೆಂಟು ಮುಗಿದಾಗ ಗಡಿಯಾರ ನಿಂತಿತು. ಎರಡು ಉಳಿದದ್ದಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಮನಸ್ಸು ಉಬ್ಬಿಹೋಗಿತ್ತು.

ಉಬ್ಬಿದ ಮನಸ್ಸೇ ಎಡವಿತು. ನಾಲ್ಕನೆಯದು ಕೆಲಸದ ಸಂದರ್ಭಗಳು. ಹತ್ತು ಸಂದರ್ಭ, ಇಪ್ಪತ್ತು ನಿಮಿಷ. ಪ್ರತಿಯೊಂದರಲ್ಲೂ ಕೊಟ್ಟ ಉತ್ತರಗಳಲ್ಲಿ ಒಂದಕ್ಕೆ ಎಡಗಡೆ ‘ಮೊದಲು ಮಾಡುವುದು’, ಇನ್ನೊಂದಕ್ಕೆ ಬಲಗಡೆ ‘ಎಂದೂ ಮಾಡಬಾರದ್ದು’ ಎಂದು ಗುರುತು ಹಾಕಬೇಕು. ಸೂಚನೆ ಓದಿದ್ದೇನೋ ನಿಜ. ಆದರೆ ಕೈ ಇನ್ನೂ ಮೂರನೇ ಸುತ್ತಿನ ಓಟದಲ್ಲೇ ಇತ್ತು. ಹದಿಮೂರು ನಿಮಿಷಕ್ಕೆ ಹತ್ತೂ ಮುಗಿದವು. ಪರದೆಯ ಕೆಳಗೆ ಹಸಿರು ಗುಂಡಿ: ‘ಸಲ್ಲಿಸಿ’.

ಸುತ್ತಲೂ ಕುರ್ಚಿಗಳು ಸರಿಯುತ್ತಿದ್ದವು. ಪಕ್ಕದ ತರುಣ ಎದ್ದು ಹೋದ. ಕೊಠಡಿಯ ಮೇಲ್ವಿಚಾರಕರು ಬಂದು ಅವಳ ಪರದೆ ನೋಡಿದರು.

“ಮೇಡಂ, ಎಲ್ಲ ಮುಗಿದಿದೆಯಲ್ಲ. ಸಲ್ಲಿಸಿ ಹೊರಡಬಹುದು.”

ಅವಳ ಬೆರಳು ಮೌಸಿನ ಮೇಲೇ ಇತ್ತು. ಉಳಿದಿದ್ದು ಏಳು ನಿಮಿಷ. ಇದು ಮುಂದೆ ಯಾವ ಸುತ್ತಿಗೂ ಹೋಗುವುದಿಲ್ಲ. ಮುಂದೆ ಸುತ್ತೇ ಇಲ್ಲ. ಹಿಂದೆ ಹೋಗಲು ಬಿಡುವುದು ಇದೊಂದರಲ್ಲೇ.

“ಇನ್ನೂ ಏಳು ನಿಮಿಷ ಇದೆ ಸರ್. ಅದು ನಂದು.”

ಅವರು ನಕ್ಕು ಮುಂದೆ ಹೋದರು. ಅಕ್ಕ ಮೊದಲ ಸಂದರ್ಭಕ್ಕೆ ಹಿಂತಿರುಗಿದಳು, ಕೌಂಟರಿನಲ್ಲಿ ಚೀಟಿ ಹಿಡಿದಂತೆ ತುಟಿ ಅಲ್ಲಾಡಿಸಿ ಓದಿದಳು. ಸಾಲಿನಲ್ಲಿ ಜನ ಕಾಯುತ್ತಿದ್ದಾರೆ, ವೈದ್ಯರ ಕೈಬರಹ ತಿಳಿಯುತ್ತಿಲ್ಲ, ರೋಗಿಯ ಮಗ ಬೇಗ ಕೊಡಿ ಎನ್ನುತ್ತಿದ್ದಾನೆ. ‘ಮೊದಲು ಮಾಡುವುದು’ ಎಂಬಲ್ಲಿ ಅವಳು ಗುರುತು ಹಾಕಿದ್ದು: ಅಂದಾಜಿನ ಮೇಲೆ ಕೊಟ್ಟು ಕಳಿಸುವುದು. ‘ಎಂದೂ ಮಾಡಬಾರದ್ದು’ ಎಂಬಲ್ಲಿ: ವೈದ್ಯರಿಗೆ ಫೋನ್ ಮಾಡಿ ಕೇಳುವುದು.

ಎಡ ಬಲ ಅದಲು ಬದಲಾಗಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹೋದ ವರ್ಷದವಳಾಗಿದ್ದರೆ ಇಲ್ಲೇ ಗಾಬರಿಬಿದ್ದು ಉಳಿದದ್ದನ್ನೂ ಕೆಡಿಸುತ್ತಿದ್ದಳು. ಈಗ ಹಾಗಲ್ಲ. ಗುರುತನ್ನು ಒಂದೊಂದಾಗಿ ತೆಗೆದು, ಸರಿಯಾದ ಕಡೆ ಹಾಕಿ, ಹತ್ತನೆಯದರವರೆಗೂ ಓದಿ, ಐದರಲ್ಲಿ ತಿದ್ದಿದಳು. ಇನ್ನೂ ನಲವತ್ತು ಸೆಕೆಂಡು ಉಳಿದಿತ್ತು. ಸಲ್ಲಿಸಿದಳು.

ಪರದೆಯ ಮೇಲಿನ ಚಕ್ರ ತಿರುಗಿ ತಿರುಗಿ ನಿಂತಿತು. ಮೊದಲ ಸುತ್ತು ಇಪ್ಪತ್ತನಾಲ್ಕು: ಕಣ್ಣು ಮುಚ್ಚಿ ಒತ್ತಿದ ಏಳರಲ್ಲಿ ಯಾವುದೋ ಪುಣ್ಯಕ್ಕೆ ಒಂದೆರಡು ಹೊಂದಿರಬೇಕು. ಎರಡು, ಮೂರು, ದಾಟಿದವು. ನಾಲ್ಕನೆಯದರಲ್ಲಿ ಹತ್ತಕ್ಕೆ ಬೇಕಿದ್ದದ್ದು ಏಳು, ಅವಳದು ಒಂಬತ್ತು. ತಿದ್ದದೆ ಎದ್ದಿದ್ದರೆ ನಾಲ್ಕು. ಅದರ ಕೆಳಗೆ ಒಂದೇ ಸಾಲು: ಸಂದರ್ಶನಕ್ಕೆ ಅರ್ಹರು.

ಹೊರಗೆ ನಾದಿನಿ ಬಾಗಿಲಿಗೇ ಕಣ್ಣು ಇಟ್ಟು ನಿಂತಿದ್ದಳು. “ಎಲ್ಲರೂ ಬಂದು ಎಷ್ಟೊತ್ತಾಯ್ತು ಅತ್ತಿಗೆ, ನೀವ್ಯಾಕೆ ಇಷ್ಟು ತಡ? ಏನಾಯ್ತು?”

ಅಕ್ಕ ಇಷ್ಟು ದಿನ ತನ್ನನ್ನು ಗದರಿಸಿದ ಆ ಹುಡುಗಿಯನ್ನು ಮೆಟ್ಟಿಲ ಮೇಲೆಯೇ ತಬ್ಬಿಕೊಂಡು, ಯಾರು ನೋಡಿದರೆ ಏನಂತೆ ಎಂದು, ಜೋರಾಗಿ ಅತ್ತಳು.